ಚಾಟ್‌ಬಾಟ್‌ನ ಮಾತಿನ ಧಾಟಿ ತಿದ್ದುವುದು ಹೇಗೆ: ರೇಟಿಂಗ್‌ನಿಂದ ರಿವಾರ್ಡ್‌ವರೆಗೆ ಒಂದು ಮಾರ್ಗದರ್ಶಿ

ಕೆಲವು ಚಾಟ್‌ಬಾಟ್‌ಗಳು ಏನು ಕೇಳಿದರೂ ಮೊದಲು ಹೊಗಳಿ, ಆಮೇಲೆ ಉತ್ತರ ಕೊಡುತ್ತವೆ. ಕೆಲವು ನೇರವಾಗಿ ವಿಷಯಕ್ಕೆ ಬರುತ್ತವೆ. ಈ ಧಾಟಿಯನ್ನು ಯಾರೂ ಒಂದೊಂದೇ ನಿಯಮವಾಗಿ ಕೋಡ್‌ನಲ್ಲಿ ಬರೆದಿರುವುದಿಲ್ಲ. ಒಂದೇ ಪ್ರಶ್ನೆಗೆ ಬಂದ ಎರಡು ಉತ್ತರಗಳನ್ನು ಜನರ ಮುಂದಿಟ್ಟು, "ಇವೆರಡರಲ್ಲಿ ಯಾವುದು ಮೇಲು?" ಎಂದು ಸಾವಿರಾರು ಸಲ ಕೇಳಿರುತ್ತಾರೆ. ಧಾಟಿಯ ದೊಡ್ಡ ಪಾಲು ಬರುವುದು ಅಲ್ಲಿಂದ. ಈ ವಿಧಾನಕ್ಕೆ ಆರ್‌ಎಲ್‌ಎಚ್‌ಎಫ್ ಎಂದು ಹೆಸರು, ಅಂದರೆ ಮನುಷ್ಯರ ಅಭಿಪ್ರಾಯ ಆಧರಿಸಿದ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್. ಉತ್ತರಕ್ಕೆ ಅಂಕ ಕೊಟ್ಟು, ಹೆಚ್ಚು ಅಂಕ ಬರುವಂಥದ್ದನ್ನೇ ರೂಢಿ ಮಾಡಿಸುವ ತರಬೇತಿ ಇದು. ಆ ಅಂಕವೇ ರಿವಾರ್ಡ್.

ಇಡೀ ವಿಷಯವನ್ನು ಇಲ್ಲಿ ಹರಡಿಕೊಂಡು ಕೂರುವುದಿಲ್ಲ. ಒಂದೇ ಒಂದು ಗುಣವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಬಳಕೆದಾರರು ತಪ್ಪು ತಿಳಿದುಕೊಂಡಿದ್ದಾಗ ಚಾಟ್‌ಬಾಟ್ ಅದನ್ನು ಸ್ಪಷ್ಟವಾಗಿ ತಿದ್ದಬೇಕು, ಆದರೆ ಮನಸ್ಸಿಗೆ ನೋವಾಗದ ಹಾಗೆ ತಿದ್ದಬೇಕು. ಹೊಗಳಿ ಜಾರಿಕೊಳ್ಳಬಾರದು, ಗದರಿಸಲೂ ಬಾರದು. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ರೇಟಿಂಗ್ ವಿಧಾನ ತಪ್ಪಿದರೆ ಮೊದಲು ಕೆಡುವುದೇ ಈ ಗುಣ.

## ಹಂತ 1: ಏನು ಬೇಕು ಎಂಬುದನ್ನು ರೇಟರ್‌ಗಳಿಗೆ ಅರ್ಥವಾಗುವಂತೆ ಬರೆಯಿರಿ

ನಿಮ್ಮ ಹತ್ತಿರ ಈಗಾಗಲೇ ಸೂಚನೆ ಪಾಲಿಸಲು ಕಲಿತ ಒಂದು ಮಾಡೆಲ್, ಅಂದರೆ ಚಾಟ್‌ಬಾಟ್‌ನ ಹಿಂದೆ ನಿಂತು ಉತ್ತರ ಬರೆಯುವ ಪ್ರೋಗ್ರಾಂ, ಇದೆ ಎಂದುಕೊಳ್ಳೋಣ. ಮನುಷ್ಯರು ಬರೆದ ಒಳ್ಳೆಯ ಉತ್ತರಗಳನ್ನು ತೋರಿಸಿ ಅದನ್ನು ಒಂದು ಸುತ್ತು ತರಬೇತಿ ಮಾಡಿರುತ್ತಾರೆ. ಈ ಸುತ್ತು ಆಗದ ಮಾಡೆಲ್‌ಗೆ ನೇರವಾಗಿ ರೇಟಿಂಗ್ ಮಾಡಲು ಹೋಗಬೇಡಿ. ಎರಡು ಉತ್ತರಗಳೂ ಅಸಂಬದ್ಧವಾಗಿದ್ದರೆ ಯಾವುದು ಮೇಲು ಎಂದು ಆರಿಸಿ ಏನು ಪ್ರಯೋಜನ?

ಆಮೇಲೆ ರೇಟರ್‌ಗಳಿಗೆ, ಅಂದರೆ ಉತ್ತರಗಳನ್ನು ಹೋಲಿಸಿ ಆರಿಸುವ ಜನರಿಗೆ, ಒಂದು ಪುಟದ ಸೂಚನೆ ಬರೆಯಿರಿ. "ಸಹಾಯಕವಾಗಿರುವ ಉತ್ತರವನ್ನು ಆರಿಸಿ" ಎಂದರೆ ಸಾಲದು. ಎರಡು ಗುಣಗಳ ನಡುವೆ ತಿಕ್ಕಾಟ ಬಂದಾಗ ಯಾವುದು ಮೊದಲು ಎಂಬುದನ್ನು ಹೇಳಲೇಬೇಕು. ನಮ್ಮ ಕೆಲಸಕ್ಕೆ ನಾನು ಹೀಗೆ ಬರೆಯುತ್ತೇನೆ: ಮೊದಲು ವಿಷಯ ಸರಿಯಿದೆಯೇ ನೋಡಿ. ಎರಡೂ ಸರಿಯಿದ್ದರೆ, ತಪ್ಪನ್ನು ಮೊದಲ ಒಂದೆರಡು ವಾಕ್ಯದಲ್ಲೇ ತಿದ್ದಿದ ಉತ್ತರ ಮೇಲು. ಅದೂ ಸಮವಾಗಿದ್ದರೆ, ಕೇಳಿದವರ ಸ್ಥಿತಿಯನ್ನು ಅರ್ಥ ಮಾಡಿಕೊಂಡ ಉತ್ತರ ಮೇಲು. ಪ್ರಶ್ನೆಯನ್ನು ಹೊಗಳಿದ್ದಕ್ಕೆ ಅಂಕವಿಲ್ಲ, ಉದ್ದವಾಗಿರುವುದಕ್ಕೂ ಅಂಕವಿಲ್ಲ.

ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

## ಹಂತ 2: ಜೋಡಿ ಮಾಡುವುದರಲ್ಲೇ ಅರ್ಧ ಕೆಲಸ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಮಾಡೆಲ್ ಕಲಿಯುವುದು ನಿಮ್ಮ ಸೂಚನೆಯ ಪುಟವನ್ನಲ್ಲ. ಆರಿಸಿದ ಉತ್ತರಕ್ಕೂ ಬಿಟ್ಟ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಅದು ಕಲಿಯುತ್ತದೆ. ಆ ವ್ಯತ್ಯಾಸದಲ್ಲಿ ರೇಟರ್ ಗಮನಿಸದೇ ಇದ್ದದ್ದೂ ಸೇರಿರುತ್ತದೆ.

ಒಂದು ಪ್ರಾಂಪ್ಟ್, ಅಂದರೆ ಬಳಕೆದಾರರು ಚಾಟ್‌ಬಾಟ್‌ಗೆ ಕೇಳಿದ ಮಾತು, ನೋಡಿ:

> ನೆಗಡಿ ಶುರುವಾಗಿದೆ. ಆಂಟಿಬಯಾಟಿಕ್ ತಗೊಂಡ್ರೆ ಬೇಗ ಹೋಗುತ್ತೆ ಅಲ್ವಾ? ಮನೇಲಿ ಹಳೇ ಮಾತ್ರೆ ಉಳಿದಿದೆ.

ಮಾಡೆಲ್‌ನಿಂದ ಬಂದ ಮೂರು ಉತ್ತರಗಳು ಇವು ಎಂದುಕೊಳ್ಳಿ.

> ಅ: ತುಂಬಾ ಒಳ್ಳೆಯ ಪ್ರಶ್ನೆ! ನಿಮ್ಮ ಆರೋಗ್ಯದ ಬಗ್ಗೆ ನೀವು ಇಷ್ಟು ಕಾಳಜಿ ವಹಿಸುತ್ತಿರುವುದು ಸಂತೋಷದ ವಿಷಯ. ಆಂಟಿಬಯಾಟಿಕ್ ಹಲವು ಸೋಂಕುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ನಿಮ್ಮ ಯೋಚನೆ ಸಹಜವೇ. ತೆಗೆದುಕೊಳ್ಳುವ ಮೊದಲು ಮಾತ್ರೆಯ ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳಿ. ಅನುಮಾನವಿದ್ದರೆ ವೈದ್ಯರನ್ನು ಕೇಳಿ.
>
> ಆ: ಇಲ್ಲ. ನೆಗಡಿ ವೈರಸ್‌ನಿಂದ ಬರುತ್ತದೆ. ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ.
>
> ಇ: ನೆಗಡಿಗೆ ಆಂಟಿಬಯಾಟಿಕ್ ಉಪಯೋಗಕ್ಕೆ ಬರುವುದಿಲ್ಲ. ನೆಗಡಿ ಬರುವುದು ವೈರಸ್‌ನಿಂದ, ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಬೇಗ ಹೋದರೆ ಸಾಕು ಅನಿಸುತ್ತಿರಬಹುದು. ವಿಶ್ರಾಂತಿ ತಗೊಳ್ಳಿ, ನೀರು ಚೆನ್ನಾಗಿ ಕುಡಿಯಿರಿ, ಹಳೇ ಮಾತ್ರೆ ಬೇಡ. ಜ್ವರ ಜಾಸ್ತಿಯಾದರೆ ಅಥವಾ ಉಸಿರಾಟ ಕಷ್ಟವಾದರೆ ವೈದ್ಯರಿಗೆ ತೋರಿಸಿ.

ಈಗ ಅ ಮತ್ತು ಆ ಜೋಡಿಯನ್ನು ರೇಟರ್‌ಗೆ ಕೊಟ್ಟಿರಿ ಅನ್ನಿ. ಅ ಉದ್ದವಾಗಿದೆ, ಹೊಗಳಿಕೆ ಇದೆ, ಬೆಚ್ಚಗಿದೆ, ವಿಷಯದಲ್ಲಿ ತಪ್ಪು ದಾರಿಗೆ ಎಳೆಯುತ್ತದೆ. "ಆ" ಚಿಕ್ಕದು, ಸರಿಯಾದದ್ದು, ಆದರೆ ಒರಟು. ನಾಲ್ಕು ವಿಷಯಗಳಲ್ಲಿ ಎರಡೂ ಬೇರೆಬೇರೆ. ರೇಟರ್ "ಆ" ಆರಿಸಿದರೆ "ಸತ್ಯ ಹೇಳು" ಎಂದು ಮಾಡೆಲ್ ಕಲಿಯಬಹುದು. "ಚಿಕ್ಕದಾಗಿ ಹೇಳು", "ಒರಟಾಗಿ ಹೇಳು" ಎಂದೂ ಕಲಿಯಬಹುದು. ಯಾವ ಕಾರಣಕ್ಕೆ ಆರಿಸಿದರು ಎಂದು ಒಂದು ಕ್ಲಿಕ್‌ನಲ್ಲಿ ಗೊತ್ತಾಗುವುದಿಲ್ಲ.

ಅ ಮತ್ತು ಇ ಜೋಡಿ ಇದಕ್ಕಿಂತ ಎಷ್ಟೋ ವಾಸಿ. ಉದ್ದ ಹೆಚ್ಚುಕಡಿಮೆ ಒಂದೇ. ಎರಡೂ ಮೃದುವಾಗಿವೆ, ಎರಡೂ ವೈದ್ಯರ ಮಾತು ಎತ್ತುತ್ತವೆ. ಮುಖ್ಯ ವ್ಯತ್ಯಾಸ ತಪ್ಪನ್ನು ತಿದ್ದಿದೆಯೋ ಇಲ್ಲವೋ ಎಂಬುದು. ಇ ಮತ್ತು ಆ ಜೋಡಿ ಇನ್ನೊಂದು ಪಾಠ ಕಲಿಸುತ್ತದೆ: ಎರಡೂ ಸರಿ, ಇ ಮಾತ್ರ ಕೇಳಿದವರನ್ನು ಗಮನದಲ್ಲಿಟ್ಟುಕೊಂಡಿದೆ.

ಹಾಗಾಗಿ ಒಂದು ಪ್ರಾಂಪ್ಟ್‌ಗೆ ಎರಡೇ ಉತ್ತರ ತೆಗೆದು ಕಳಿಸಬೇಡಿ. ನಾಲ್ಕೋ ಆರೋ ತೆಗೆಯಿರಿ, ಅದರಲ್ಲಿ ಉದ್ದ ಹತ್ತಿರವಿರುವ ಜೋಡಿಗಳನ್ನು ಆರಿಸಿ. 2022ರಲ್ಲಿ ಬಂದ, ಓಪನ್‌ಎಐ ಕಂಪನಿಯ ಇನ್‌ಸ್ಟ್ರಕ್ಟ್‌ಜಿಪಿಟಿ ಎಂಬ ಮಾಡೆಲ್‌ನ ಕೆಲಸದಲ್ಲಿ ಒಂದೊಂದು ಪ್ರಾಂಪ್ಟ್‌ಗೆ 4ರಿಂದ 9 ಉತ್ತರಗಳನ್ನು ರೇಟರ್‌ಗಳು ಕ್ರಮವಾಗಿ ಜೋಡಿಸುತ್ತಿದ್ದರು. 4 ಉತ್ತರ ಜೋಡಿಸಿದರೆ 6 ಜೋಡಿ ಸಿಗುತ್ತದೆ, 9 ಜೋಡಿಸಿದರೆ 36. ಒಂದು ಎಚ್ಚರಿಕೆ ಇದೆ. ಈ 36 ಜೋಡಿಗಳನ್ನು 36 ಬೇರೆ ಬೇರೆ ಉದಾಹರಣೆಗಳಂತೆ ಕಲಸಿ ಹಾಕಿದರೆ ಮಾಡೆಲ್ ಅವನ್ನು ಬಾಯಿಪಾಠ ಮಾಡಿಬಿಡುತ್ತದೆ. ಒಂದು ಪ್ರಾಂಪ್ಟ್‌ನ ಜೋಡಿಗಳೆಲ್ಲ ಒಟ್ಟಿಗೆ ಒಂದೇ ಬ್ಯಾಚ್‌ನಲ್ಲಿ, ಅಂದರೆ ತರಬೇತಿಯ ಒಂದೇ ಕಂತಿನಲ್ಲಿ, ಹೋಗಬೇಕು. ಆ ತಂಡವೂ ಹಾಗೇ ಮಾಡಿತು.

## ಹಂತ 3: ರೇಟಿಂಗ್ ಮಾಡಿಸುವುದು

ಒಂದೊಂದೇ ಉತ್ತರ ತೋರಿಸಿ "ಹತ್ತಕ್ಕೆ ಎಷ್ಟು?" ಎಂದು ಕೇಳಬೇಡಿ. ಒಬ್ಬರ 7 ಇನ್ನೊಬ್ಬರ 5 ಆಗಿರುತ್ತದೆ. ಬೆಳಿಗ್ಗೆ ಕೊಟ್ಟ ಅಂಕಕ್ಕೂ ಸಂಜೆ ಕೊಟ್ಟ ಅಂಕಕ್ಕೂ ತಾಳೆ ಆಗುವುದಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟಾಗ ಜನ ಹೆಚ್ಚು ಸ್ಥಿರವಾಗಿ ಆರಿಸುತ್ತಾರೆ. ಯಾವ ಉತ್ತರ ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ಪ್ರತಿ ಸಲ ಯಾದೃಚ್ಛಿಕವಾಗಿ ಬದಲಿಸಿ. ಸುಸ್ತಾದವರು ಸುಮ್ನೆ ಒಂದೇ ಕಡೆ ಒತ್ತುತ್ತಾ ಹೋಗುವುದುಂಟು.

ಎಷ್ಟರಮಟ್ಟಿಗೆ ಮೇಲು ಎಂದು ಕೇಳುವುದೂ ಒಳ್ಳೆಯದು. 2023ರಲ್ಲಿ ಮೆಟಾ ಕಂಪನಿ ಲಾಮಾ 2 ಮಾಡುವಾಗ "ತುಂಬಾ ಮೇಲು, ಮೇಲು, ಸ್ವಲ್ಪ ಮೇಲು, ವ್ಯತ್ಯಾಸವೇ ಇಲ್ಲ ಅನ್ನುವಷ್ಟು" ಎಂಬಂಥ ನಾಲ್ಕು ಮಟ್ಟಗಳನ್ನು ಬಳಸಿತು. ನಮ್ಮಂಥ ಸಣ್ಣ ಕೆಲಸಕ್ಕೆ ಕೊನೆಯ ಮಟ್ಟದ ಜೋಡಿಗಳನ್ನು ತರಬೇತಿಯಿಂದ ತೆಗೆದುಬಿಡುವುದೇ ಮೇಲು. ಅವುಗಳಲ್ಲಿ ಸಿಗುವುದು ಬರೀ ಗದ್ದಲ.

ಜೋಡಿಗಳಲ್ಲಿ ಹತ್ತನೇ ಒಂದು ಪಾಲನ್ನಾದರೂ ಇಬ್ಬರಿಗೆ ಬೇರೆಬೇರೆಯಾಗಿ ಕೊಡಿ. ಇಬ್ಬರೂ ಎಷ್ಟು ಸಲ ಒಪ್ಪುತ್ತಾರೆ ನೋಡಿ. ಇನ್‌ಸ್ಟ್ರಕ್ಟ್‌ಜಿಪಿಟಿಯಲ್ಲಿ ತರಬೇತಿ ಪಡೆದ ರೇಟರ್‌ಗಳೇ ಒಬ್ಬರಿಗೊಬ್ಬರು ಒಪ್ಪಿದ್ದು ನೂರಕ್ಕೆ ಸುಮಾರು 73 ಸಲ. ಹಾಗಾಗಿ 70ರ ಆಸುಪಾಸು ಬಂದರೆ ಗಾಬರಿ ಬೇಡ. 55 ಬಂದರೆ ಮಾತ್ರ ನಿಲ್ಲಿಸಿ. ಅದು ನಾಣ್ಯ ಚಿಮ್ಮಿದ್ದಕ್ಕಿಂತ ಅಷ್ಟೇನೂ ಮೇಲಲ್ಲ. ಒಪ್ಪದ ಜೋಡಿಗಳನ್ನು ತೆಗೆದು ಇಬ್ಬರನ್ನೂ ಕೂರಿಸಿ ಓದಿಸಿ. ಒಬ್ಬರು ಹೊಗಳಿಕೆಗೆ ಅಂಕ ಕೊಡುತ್ತಿರುತ್ತಾರೆ, ಇನ್ನೊಬ್ಬರು ಕಿತ್ತುಕೊಳ್ಳುತ್ತಿರುತ್ತಾರೆ. ಅಂದರೆ ಸೂಚನೆ ಸರಿಯಿಲ್ಲ, ರೇಟರ್‌ಗಳನ್ನು ದೂರಬೇಡಿ.

ಇನ್ನೊಂದು ಮಾತು. ಆಂಟಿಬಯಾಟಿಕ್ ಪ್ರಶ್ನೆಯಂಥದಕ್ಕೆ ರೇಟರ್‌ಗೆ ಸರಿ ಉತ್ತರ ಗೊತ್ತಿರಬೇಕು, ಇಲ್ಲವೇ ಹುಡುಕಿ ನೋಡಲು ಸಮಯವಿರಬೇಕು. ಗೊತ್ತಿಲ್ಲದವರು ಆತ್ಮವಿಶ್ವಾಸದ ಧಾಟಿಯನ್ನೇ ಆರಿಸುತ್ತಾರೆ. ಆಗ ನೀವು ಮಾಡೆಲ್‌ಗೆ ಕಲಿಸುವುದು ಆತ್ಮವಿಶ್ವಾಸದಿಂದ ತಪ್ಪು ಹೇಳುವುದನ್ನು.

## ಹಂತ 4: ರಿವಾರ್ಡ್ ಮಾಡೆಲ್

ಪ್ರತಿ ಉತ್ತರಕ್ಕೂ ಮನುಷ್ಯರನ್ನು ಕೂರಿಸಲು ಆಗುವುದಿಲ್ಲ. ಅದಕ್ಕೇ ಮನುಷ್ಯರ ಆಯ್ಕೆಯನ್ನು ಊಹಿಸುವ ಇನ್ನೊಂದು ಮಾಡೆಲ್ ಮಾಡುತ್ತೇವೆ. ಅದು ಪ್ರಾಂಪ್ಟ್ ಮತ್ತು ಉತ್ತರ ಓದಿ ಒಂದೇ ಒಂದು ಸಂಖ್ಯೆ ಕೊಡುತ್ತದೆ. ಸಾಮಾನ್ಯವಾಗಿ ಚಾಟ್ ಮಾಡೆಲನ್ನೇ ತೆಗೆದುಕೊಂಡು, ಮುಂದಿನ ಪದ ಊಹಿಸುವ ಕೊನೆಯ ಪದರ ತೆಗೆದು, ಅಂಕ ಕೊಡುವ ಪದರ ಹಾಕುತ್ತಾರೆ.

ಅದನ್ನು ಕಲಿಸುವ ಸೂತ್ರ 1952ರ ಬ್ರಾಡ್ಲಿ-ಟೆರಿ ಮಾದರಿಯಿಂದ ಬಂದದ್ದು. ಜೋಡಿಯಲ್ಲಿ ಯಾವುದು ಗೆಲ್ಲುವ ಸಂಭವ ಎಷ್ಟು ಎಂದು ಅಳೆಯುವ ಮಾದರಿ ಅದು. ಪೈಟಾರ್ಚ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಒಂದೇ ಸಾಲು:

```python
loss = -F.logsigmoid(r_chosen - r_rejected).mean()
```

ಇದನ್ನು ನಮ್ಮ ಜೋಡಿಗೆ ಹಾಕಿ ನೋಡೋಣ. ತರಬೇತಿಗೆ ಮೊದಲು ರಿವಾರ್ಡ್ ಮಾಡೆಲ್ ಅ ಉತ್ತರಕ್ಕೆ 1.2, ಇ ಉತ್ತರಕ್ಕೆ 0.4 ಕೊಟ್ಟಿತು ಅನ್ನಿ. ರೇಟರ್ ಆರಿಸಿದ್ದು ಇ. ವ್ಯತ್ಯಾಸ 0.4 ಕಳೆ 1.2, ಅಂದರೆ ಮೈನಸ್ 0.8. ಇದರರ್ಥ, ಇ ಗೆಲ್ಲುವ ಸಂಭವ 0.31 ಎಂದು ಮಾಡೆಲ್ ಊಹಿಸಿತ್ತು. ಲಾಸ್, ಅಂದರೆ ಊಹೆ ಎಷ್ಟು ತಪ್ಪಿತು ಎಂಬ ಅಳತೆ, 1.17. ತರಬೇತಿ ಆದಮೇಲೆ ಇ ಅಂಕ 1.0ಕ್ಕೆ ಏರಿ, ಅ ಅಂಕ 0.2ಕ್ಕೆ ಇಳಿಯಿತು ಅನ್ನಿ. ಈಗ ಸಂಭವ 0.69, ಲಾಸ್ 0.37. ಲೆಕ್ಕಕ್ಕೆ ಬರುವುದು ವ್ಯತ್ಯಾಸ ಮಾತ್ರ. ಎರಡಕ್ಕೂ ನೂರು ನೂರು ಸೇರಿಸಿದರೂ ಲಾಸ್ ಅಲ್ಲಾಡುವುದಿಲ್ಲ. ಹಾಗಾಗಿ "ಈ ಉತ್ತರಕ್ಕೆ 3.2 ರಿವಾರ್ಡ್ ಬಂತು" ಎಂಬ ಮಾತಿಗೆ ಒಂಟಿಯಾಗಿ ಅರ್ಥವಿಲ್ಲ.

ಮುಂದಕ್ಕೆ ಹೋಗುವ ಮೊದಲು ಮೂರು ಪರೀಕ್ಷೆ ಮಾಡಿ. ಒಂದು, ತರಬೇತಿಗೆ ಬಳಸದ ಜೋಡಿಗಳಲ್ಲಿ ಎಷ್ಟು ಸಲ ರೇಟರ್ ಜೊತೆ ಒಪ್ಪುತ್ತದೆ? 70ರ ಆಸುಪಾಸು ಬಂದರೆ ಸಾಮಾನ್ಯ. ಮನುಷ್ಯರೇ 73 ಒಪ್ಪುವಾಗ 95 ಬಂದರೆ ಖುಷಿಪಡಬೇಡಿ, ಪರೀಕ್ಷೆಯ ಜೋಡಿಗಳು ತರಬೇತಿಯೊಳಗೆ ಸೋರಿರಬಹುದು.

ಎರಡು, ಉದ್ದವಾಗಿರುವುದನ್ನೇ ಯಾವಾಗಲೂ ಆರಿಸುವ ಪೆದ್ದ ನಿಯಮವೊಂದನ್ನು ಅದೇ ಜೋಡಿಗಳ ಮೇಲೆ ಓಡಿಸಿ. ಅದಕ್ಕೆ 65 ಸಿಕ್ಕಿ ನಿಮ್ಮ ಮಾಡೆಲ್‌ಗೆ 68 ಸಿಕ್ಕರೆ, ನಿಮ್ಮ ರಿವಾರ್ಡ್ ಮಾಡೆಲ್ ಮುಖ್ಯವಾಗಿ ಉದ್ದ ಅಳೆಯುತ್ತಿರುವ ಸಾಧ್ಯತೆ ಹೆಚ್ಚು. ಇದು ಅಪರೂಪವೇನಲ್ಲ. ಆರ್‌ಎಲ್‌ಎಚ್‌ಎಫ್‌ನಲ್ಲಿ ಕಾಣುವ ರಿವಾರ್ಡ್ ಏರಿಕೆಯ ದೊಡ್ಡ ಪಾಲು ಉತ್ತರ ಉದ್ದವಾದದ್ದರಿಂದಲೇ ಬರಬಹುದು ಎಂದು 2023ರ ಸಂಶೋಧನೆಯೊಂದು ತೋರಿಸಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ. ಒಂದು ಒಳ್ಳೆಯ ಉತ್ತರ ತೆಗೆದುಕೊಂಡು, ಅದರ ಮುಂದೆ "ತುಂಬಾ ಒಳ್ಳೆಯ ಪ್ರಶ್ನೆ!" ಎಂದಷ್ಟೇ ಸೇರಿಸಿ ಎರಡಕ್ಕೂ ಅಂಕ ತೆಗೆಯಿರಿ. ಹೀಗೆ ಇನ್ನೂರು ಉತ್ತರಗಳಿಗೆ ಮಾಡಿ. ಹೊಗಳಿಕೆ ಸೇರಿದಾಗ ಅಂಕ ಸತತವಾಗಿ ಏರುತ್ತಿದ್ದರೆ ಇಲ್ಲೇ ನಿಲ್ಲಿಸಿ ಹಂತ 2ಕ್ಕೆ ಹಿಂತಿರುಗಿ. ಹೊಗಳಿಕೆ ಇರುವ ಮತ್ತು ಇಲ್ಲದ, ಉಳಿದದ್ದೆಲ್ಲ ಒಂದೇ ಆದ ಜೋಡಿಗಳನ್ನು ರೇಟರ್‌ಗಳಿಗೆ ಕೊಡಿ. ರಿವಾರ್ಡ್ ಮಾಡೆಲ್‌ನಲ್ಲಿ ಸಣ್ಣಗಿರುವ ಒಲವು ಮುಂದಿನ ಹಂತದಲ್ಲಿ ದೊಡ್ಡದಾಗಿ ಕಾಣಬಹುದು.

## ಹಂತ 5: ಚಾಟ್‌ಬಾಟನ್ನು ರಿವಾರ್ಡ್ ಕಡೆಗೆ ತಳ್ಳುವುದು

ಈಗ ಚಾಟ್‌ಬಾಟ್ ಉತ್ತರ ಬರೆಯುತ್ತದೆ, ರಿವಾರ್ಡ್ ಮಾಡೆಲ್ ಅಂಕ ಕೊಡುತ್ತದೆ, ಜಾಸ್ತಿ ಅಂಕ ಬಂದ ಉತ್ತರದ ಸಂಭವ ಏರುವಂತೆ ಚಾಟ್‌ಬಾಟ್‌ನ ತೂಕಗಳು, ಅಂದರೆ ಮಾಡೆಲ್‌ನ ಒಳಗಿನ ಸಂಖ್ಯೆಗಳು, ಬದಲಾಗುತ್ತವೆ. ಹಲವು ವರ್ಷ ಇದಕ್ಕೆ ಹೆಚ್ಚಾಗಿ ಬಳಸಿದ್ದು 2017ರಲ್ಲಿ ಬಂದ ಪಿಪಿಒ ಎಂಬ ವಿಧಾನ.

ಬರೀ ಅಂಕದ ಹಿಂದೆ ಬಿಟ್ಟರೆ ಚಾಟ್‌ಬಾಟ್ ರಿವಾರ್ಡ್ ಮಾಡೆಲ್‌ನ ದೌರ್ಬಲ್ಯಗಳನ್ನು ಹುಡುಕಿ ತೆಗೆಯುತ್ತದೆ. ಅದನ್ನು ತಡೆಯಲು ಒಂದು ಹಗ್ಗ ಕಟ್ಟುತ್ತೇವೆ. ಹಂತ 1ರಲ್ಲಿದ್ದ ಮೂಲ ಮಾಡೆಲ್‌ನಿಂದ ಎಷ್ಟು ದೂರ ಸರಿದಿದೆ ಎಂದು ಅಳೆದು, ಅಷ್ಟು ದಂಡ ಹಾಕುತ್ತೇವೆ. ಇದಕ್ಕೆ ಕೆಎಲ್ ದಂಡ ಎನ್ನುತ್ತಾರೆ.

```text
total = reward - beta * log(p_new / p_ref)
```

ಇಲ್ಲಿ `p_new` ಎಂದರೆ ಒಂದು ಉತ್ತರವನ್ನು ಈಗಿನ ಮಾಡೆಲ್ ಬರೆಯುವ ಸಂಭವ, `p_ref` ಎಂದರೆ ಅದನ್ನೇ ಮೂಲ ಮಾಡೆಲ್ ಬರೆಯುವ ಸಂಭವ. `beta` ದಂಡದ ಬಿಗಿ. ಲೆಕ್ಕ ಹಾಕಿ ನೋಡಿ. ಬೀಟಾ 0.05 ಇರಲಿ. ಮೊದಲ ಉತ್ತರಕ್ಕೆ ರಿವಾರ್ಡ್ 2.0, ಲಾಗ್ ಅನುಪಾತ 12. ದಂಡ 0.6, ಉಳಿದದ್ದು 1.4. ಎರಡನೆಯದು ಹೊಗಳಿಕೆಯಿಂದ ತುಂಬಿದೆ, ರಿವಾರ್ಡ್ 2.5. ಆದರೆ ಮೂಲ ಮಾಡೆಲ್ ಅಂಥದ್ದನ್ನು ಬರೆಯುವ ಸಂಭವ ತೀರಾ ಕಡಿಮೆ, ಲಾಗ್ ಅನುಪಾತ 30. ದಂಡ 1.5, ಉಳಿದದ್ದು 1.0. ಹೀಗೆ ಹೊಗಳಿಕೆಯ ಉತ್ತರ ಸೋಲುತ್ತದೆ. ಬೀಟಾ 0.01 ಮಾಡಿದರೆ ಮೊದಲನೆಯದಕ್ಕೆ 1.88, ಎರಡನೆಯದಕ್ಕೆ 2.2. ಈಗ ಹೊಗಳಿಕೆಯೇ ಗೆಲ್ಲುತ್ತದೆ. ಒಂದು ಸಣ್ಣ ಸಂಖ್ಯೆ ಬದಲಾದದ್ದಕ್ಕೆ ಇಡೀ ಧಾಟಿ ತಿರುಗಿತು. ಬೀಟಾ ಜಾಸ್ತಿ ಮಾಡಿದರೆ ಮಾಡೆಲ್ ಕದಲುವುದೇ ಇಲ್ಲ, ಅದೂ ಒಂದು ಮಿತಿ. ಇನ್‌ಸ್ಟ್ರಕ್ಟ್‌ಜಿಪಿಟಿಯಲ್ಲಿ ಬೀಟಾ 0.02 ಇತ್ತು, ಆದರೆ ಆ ಸಂಖ್ಯೆ ಅವರ ರಿವಾರ್ಡ್ ಮಾಡೆಲ್‌ನ ಅಳತೆಗೆ ಹೊಂದಿದ್ದು. ಹಾಗೇ ನಕಲು ಮಾಡಬೇಡಿ.

ಪಿಪಿಒ ಓಡಿಸಲು ಹಲವು ಮಾಡೆಲ್‌ಗಳನ್ನು ಒಟ್ಟಿಗೆ ಮೆಮೊರಿಯಲ್ಲಿ ಇಡಬೇಕು. ಸಣ್ಣ ತಂಡಕ್ಕೆ 2023ರಲ್ಲಿ ಬಂದ ಡಿಪಿಒ ಸುಲಭ. ಅದರಲ್ಲಿ ಬೇರೆ ರಿವಾರ್ಡ್ ಮಾಡೆಲ್ ಇರುವುದಿಲ್ಲ, ಜೋಡಿಗಳಿಂದ ನೇರವಾಗಿ ಚಾಟ್‌ಬಾಟನ್ನೇ ತಿದ್ದುತ್ತದೆ. `trl` ಎಂಬ ಪೈಥಾನ್ ಲೈಬ್ರರಿಯಲ್ಲಿ ಹೀಗೆ:

```python
from trl import DPOConfig, DPOTrainer

args = DPOConfig(output_dir="out", beta=0.1)
trainer = DPOTrainer(model=model, args=args,
                     train_dataset=pairs,
                     processing_class=tokenizer)
trainer.train()
```

ಇಲ್ಲಿ `pairs` ಒಳಗೆ `prompt`, `chosen`, `rejected` ಎಂಬ ಮೂರು ಕಾಲಂ ಇರಬೇಕು. ಡಿಪಿಒ ಬಳಸಿದರೂ ಜೋಡಿಯ ದೋಷಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆರಿಸಿದ ಉತ್ತರಗಳು ಉದ್ದವಾಗಿದ್ದರೆ ಇದೂ ಉದ್ದವನ್ನೇ ಕಲಿಯುತ್ತದೆ. ಜೊತೆಗೆ ರಿವಾರ್ಡ್ ಮಾಡೆಲ್ ಇಲ್ಲದ ಕಾರಣ ಹಂತ 4ರ ಪರೀಕ್ಷೆಗಳನ್ನು ಮುಂಚೆಯೇ ಮಾಡುವ ಅವಕಾಶವೂ ಹೋಗುತ್ತದೆ. ಅದಕ್ಕೇ ಡಿಪಿಒ ಮಾಡುವವರೂ ಒಂದು ಸಣ್ಣ ರಿವಾರ್ಡ್ ಮಾಡೆಲ್ ಕಟ್ಟಿ, ಜೋಡಿಗಳ ಒಲವು ಎತ್ತ ಇದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಲಾಸ್‌ನ ಪ್ಲಸ್-ಮೈನಸ್ ಚಿಹ್ನೆಯನ್ನೂ ಒಮ್ಮೆ ನೋಡಿಕೊಳ್ಳಿ. 2019ರಲ್ಲಿ ಓಪನ್‌ಎಐ ಜಿಪಿಟಿ-2 ಮೇಲೆ ಇದೇ ಬಗೆಯ ಕೆಲಸ ಮಾಡುವಾಗ ರಿವಾರ್ಡ್‌ನ ಚಿಹ್ನೆ ತಿರುಗಿಹೋಗಿತ್ತು. ರೇಟರ್‌ಗಳು ಕೆಟ್ಟದು ಎಂದದ್ದನ್ನೇ ಮಾಡೆಲ್ ಮತ್ತೆ ಮತ್ತೆ ಬರೆಯತೊಡಗಿತು. ಭಾಷೆ ಕೆಡಲಿಲ್ಲ, ವಿಷಯ ಮಾತ್ರ ಅಶ್ಲೀಲವಾಯಿತು. ತರಬೇತಿ ಮುಗಿದ ಮೇಲಷ್ಟೇ ಅವರಿಗೆ ಗೊತ್ತಾಯಿತು. ಆಗಾಗ ಹತ್ತು ಉತ್ತರಗಳನ್ನು ಕಣ್ಣಾರೆ ಓದಿದರೆ ಇಂಥದ್ದು ಬೇಗ ಸಿಗುತ್ತದೆ.

## ಹಂತ 6: ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ತರಬೇತಿಯ ಪರದೆಯಲ್ಲಿ ರಿವಾರ್ಡ್ ಏರುತ್ತಲೇ ಇರುತ್ತದೆ. ಅದನ್ನು ನಂಬಬೇಡಿ. ಒಂದು ಹಂತದವರೆಗೆ ರಿವಾರ್ಡ್ ಮತ್ತು ಮನುಷ್ಯರ ಮೆಚ್ಚುಗೆ ಒಟ್ಟಿಗೆ ಏರುತ್ತವೆ. ಅಲ್ಲಿಂದಾಚೆ ರಿವಾರ್ಡ್ ಏರುತ್ತದೆ, ಮೆಚ್ಚುಗೆ ಇಳಿಯುತ್ತದೆ. ಹಾಗಾಗಿ ಇಷ್ಟಿಷ್ಟು ಹೆಜ್ಜೆಗೆ ಒಂದು ಚೆಕ್‌ಪಾಯಿಂಟ್, ಅಂದರೆ ಆ ಹೊತ್ತಿನ ಮಾಡೆಲ್‌ನ ಪ್ರತಿ, ಉಳಿಸಿ, ಪ್ರತಿಯೊಂದರ ಉತ್ತರಗಳನ್ನೂ ಮೂಲ ಮಾಡೆಲ್‌ನ ಉತ್ತರಗಳ ಪಕ್ಕ ಇಟ್ಟು ಮನುಷ್ಯರಿಂದಲೇ ಆಯ್ಕೆ ಮಾಡಿಸಿ. ಗೆಲುವಿನ ಪ್ರಮಾಣ ಇಳಿಯಲು ಶುರುವಾದ ಕಡೆಯಿಂದ ಹಿಂದಿನ ಚೆಕ್‌ಪಾಯಿಂಟ್ ಇಟ್ಟುಕೊಳ್ಳಿ. ಉತ್ತರಗಳ ಸರಾಸರಿ ಉದ್ದ, ಹೊಗಳಿಕೆಯಿಂದ ಶುರುವಾಗುವ ಉತ್ತರಗಳ ಪಾಲು, ಇವೆರಡನ್ನೂ ಪ್ರತಿ ಚೆಕ್‌ಪಾಯಿಂಟ್‌ಗೆ ಬರೆದಿಡಿ. ಇವು ಏರತೊಡಗಿದರೆ ಮನುಷ್ಯರ ಪರೀಕ್ಷೆಗೂ ಮುಂಚೆಯೇ ಸುಳಿವು ಸಿಗುತ್ತದೆ.

ದೊಡ್ಡ ತಂಡಗಳಿಗೂ ಇದು ತಪ್ಪಿದ್ದಲ್ಲ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಜಿಪಿಟಿ-4ಒ ಮಾಡೆಲ್‌ನ ಒಂದು ಅಪ್‌ಡೇಟ್ ಬಿಟ್ಟು, ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಚಾಟ್‌ಬಾಟ್ ವಿಪರೀತ ಹೊಗಳುತ್ತಿತ್ತು, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿತ್ತು. ಬಳಕೆದಾರರು ಒತ್ತುವ ಹೆಬ್ಬೆರಳ ಮೆಚ್ಚುಗೆಯನ್ನು ಹೆಚ್ಚುವರಿ ರಿವಾರ್ಡ್ ಆಗಿ ಸೇರಿಸಿದ್ದೂ ಕಾರಣಗಳಲ್ಲಿ ಒಂದು ಎಂದು ಕಂಪನಿಯೇ ಹೇಳಿತು. ಅಲ್ಲೂ ನಮ್ಮ ಅ ಉತ್ತರದ ಸಮಸ್ಯೆಯೇ ಇದೆ. ನಿಮ್ಮ ಮಾತು ಸರಿ ಎಂದ ಉತ್ತರಕ್ಕೆ ಹೆಬ್ಬೆರಳು ಒತ್ತುವುದು ಸುಲಭ. ಹಳೇ ಮಾತ್ರೆ ಬೇಡ ಎಂದ ಉತ್ತರಕ್ಕೆ ಒತ್ತುವವರು ಕಡಿಮೆ, ಅದು ಎಷ್ಟೇ ಸರಿಯಿದ್ದರೂ.

## ಹಂತ 7: ಮರುಮಾತಿಗೂ ಜೋಡಿ ಮಾಡಿ

ಇಷ್ಟು ಮಾಡಿದಮೇಲೂ ಒಂದು ಕಡೆ ಚಾಟ್‌ಬಾಟ್ ಎಡವುತ್ತದೆ. ಮೊದಲ ಉತ್ತರದಲ್ಲಿ ಸರಿಯಾಗಿ ತಿದ್ದುತ್ತದೆ. ಬಳಕೆದಾರರು "ಇಲ್ಲ, ಹೋದ ಸಲ ಮಾತ್ರೆ ತಗೊಂಡು ಮೂರೇ ದಿನಕ್ಕೆ ಹುಷಾರಾಯ್ತು" ಎಂದ ಕೂಡಲೇ ಕ್ಷಮೆ ಕೇಳಿ ತನ್ನ ಮಾತನ್ನೇ ಬದಲಿಸುತ್ತದೆ. ಕಾರಣ ಸರಳ: ನಿಮ್ಮ ಜೋಡಿಗಳೆಲ್ಲ ಒಂದೇ ಸುತ್ತಿನ ಮಾತುಕತೆಗಳು. ಒತ್ತಡ ಬಂದಾಗ ಏನು ಮಾಡಬೇಕು ಎಂದು ಯಾರೂ ಅದಕ್ಕೆ ತೋರಿಸಿಲ್ಲ.

ಈಗ ಹೊಸ ಚಾಟ್‌ಬಾಟ್‌ನಿಂದಲೇ ಎರಡು ಸುತ್ತಿನ ಮಾತುಕತೆ ತೆಗೆದು ರೇಟಿಂಗ್ ಮಾಡಿಸಿ. ಹಳೇ ಮಾಡೆಲ್‌ನ ಉತ್ತರಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಈಗಿನ ಮಾಡೆಲ್ ಮಾಡುವ ತಪ್ಪುಗಳೇ ಬೇರೆ. ಮೇಲಿನ ಮಾತಿಗೆ ನೆಗಡಿ ಹೆಚ್ಚಾಗಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಮಾತ್ರೆಯಿಂದ ಹೋದಂತೆ ಕಾಣುವುದು ಅದಕ್ಕೇ ಎಂದು ವಿವರಿಸಿದ ಉತ್ತರ ಗೆಲ್ಲಬೇಕು, ಮಾತು ಬದಲಿಸಿದ್ದು ಸೋಲಬೇಕು.

ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ತೊಂದರೆ ಬರುತ್ತದೆ. ಎಲ್ಲ ಜೋಡಿಯಲ್ಲೂ ಪಟ್ಟು ಹಿಡಿದ ಉತ್ತರವೇ ಗೆದ್ದರೆ ಚಾಟ್‌ಬಾಟ್ ಹಟಮಾರಿಯಾಗುತ್ತದೆ, ತನ್ನದೇ ತಪ್ಪನ್ನೂ ಒಪ್ಪುವುದಿಲ್ಲ. ಆದ್ದರಿಂದ ಅಷ್ಟೇ ಸಂಖ್ಯೆಯಲ್ಲಿ ಎದುರು ಬಗೆಯ ಜೋಡಿಗಳೂ ಇರಲಿ. ಅವುಗಳಲ್ಲಿ ಚಾಟ್‌ಬಾಟ್ ಮೊದಲು ತಪ್ಪು ಹೇಳಿರುತ್ತದೆ. "ವೈದ್ಯರು ಪರೀಕ್ಷೆ ಮಾಡಿ ಇದು ಬ್ಯಾಕ್ಟೀರಿಯಾ ಸೋಂಕು ಅಂದಿದ್ದಾರೆ" ಎಂಬಂಥ ನಿಜವಾದ ಹೊಸ ಮಾಹಿತಿಯನ್ನು ಬಳಕೆದಾರರು ಕೊಡುತ್ತಾರೆ. ಅಲ್ಲಿ ಮಾತು ಬದಲಿಸಿದ ಉತ್ತರ ಗೆಲ್ಲಬೇಕು. ರೇಟರ್‌ಗಳ ಪುಟಕ್ಕೂ ಒಂದು ವಾಕ್ಯ ಸೇರಿಸಿ: ಬಳಕೆದಾರರು ಬರೀ ಒತ್ತಾಯ ಮಾಡಿದರೋ, ಹೊಸ ಕಾರಣ ಕೊಟ್ಟರೋ ಎಂದು ನೋಡಿ ಆಮೇಲೆ ಆರಿಸಿ. ನಂತರ ಹಂತ 4ರಿಂದ ಮತ್ತೊಂದು ಸುತ್ತು ಓಡಿಸಿ. ಪರೀಕ್ಷೆಯಲ್ಲಿ ಎರಡೂ ಬಗೆಯ ಫಲಿತಾಂಶವನ್ನು ಬೇರೆ ಬೇರೆ ಬರೆದಿಡಿ, ಸರಾಸರಿ ಮಾಡಬೇಡಿ. ಪಟ್ಟು ಹಿಡಿಯುವುದರಲ್ಲಿ 90 ಬಂದು, ತಪ್ಪು ಒಪ್ಪುವುದರಲ್ಲಿ 40 ಬಂದರೆ, 65 ಎಂಬ ಸರಾಸರಿ ಆ ತೊಂದರೆಯನ್ನು ಮುಚ್ಚಿಡುತ್ತದೆ.